ಹುಡುಗರ ತಂಡದಲ್ಲಿ ಒಬ್ಬಳೇ ಹುಡುಗಿ: ನನ್ನ ಕಥೆಯ ಹದಿನೆಂಟನೇ ಓವರ್ ಸರಿಯಾಗಿದೆಯಾ, ನೋಡಿ

ಅರಳೀಕಟ್ಟೆ:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆ ಬರೆಯುತ್ತಿದ್ದೇನೆ. ತರೀಕೆರೆ ಕಡೆಯ ಒಂದು ಊರು, ಹದಿನಾಲ್ಕರ ಒಳಗಿನ ಹುಡುಗರ ತಂಡ, ಲೆದರ್ ಬಾಲ್, ಮ್ಯಾಟ್ ಮೇಲೆ ಇಪ್ಪತ್ತು ಓವರ್ ಮ್ಯಾಚ್. ನಾನು ಆಡಿದ್ದೆಲ್ಲ ಟೆನಿಸ್ ಬಾಲ್‌ನಲ್ಲಿ. ಹಾಗಾಗಿ ಮ್ಯಾಚ್ ಬರುವ ಜಾಗದಲ್ಲಿ ಭಯ. ಎರಡು ತುಣುಕು ಹಾಕುತ್ತಿದ್ದೇನೆ. ಭಾಷೆಯ ಬಗ್ಗೆ ಆಮೇಲೆ ಬೈಯಿರಿ, ಮೊದಲು ಕ್ರಿಕೆಟ್ ಸರಿ ಇದೆಯಾ ಹೇಳಿ.

*ಮ್ಯಾಟ್ ಹೊಡೆದು ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು. ಭಾಗ್ಯ ಸ್ಕೋರ್ ಪುಸ್ತಕ ತೆರೆದು ಹೆಸರು ಬರೆಯತೊಡಗಿದಳು. ಹತ್ತಕ್ಕೇ ನಿಂತಿತು.*

*"ಸಂತು ಎಲ್ಲಿ?"*

*"ಅಡಿಕೆ ಸುಲಿಯೋಕೆ ಆಳು ಬಂದಿಲ್ವಂತೆ. ಅವರಪ್ಪ ಬಿಟ್ಟಿಲ್ಲ," ಅಂದ ಕ್ಯಾಪ್ಟನ್ ಗಿರೀಶ. ಎದುರಿನ ತಂಡದ ಕೀಪರ್ ಆಗಲೇ ಪ್ಯಾಡ್ ಕಟ್ಟುತ್ತಿದ್ದ. ಅವನು ಒಮ್ಮೆ ರಸ್ತೆ ಕಡೆ ನೋಡಿದ, ಒಮ್ಮೆ ಪುಸ್ತಕದ ಖಾಲಿ ಗೆರೆ ನೋಡಿದ.*

*"ಬರ್ಕೋ."*

*"ಯಾರನ್ನ?"*

*"ನಿನ್ನನ್ನೇ. ದಿನಾ ಸಂಜೆ ನಮಗೆ ಬಾಲ್ ಹಾಕೋಳು ನೀನು ತಾನೆ?"*

*ಅದು ನಿಜ. ಅಣ್ಣನ ತಂಡದಲ್ಲಿ ಎಲ್ಲರಿಗೂ ಬ್ಯಾಟಿಂಗ್ ಬೇಕು, ಬೌಲಿಂಗ್ ಯಾರಿಗೂ ಬೇಡ. ಎರಡು ವರ್ಷದಿಂದ ದಿನಾ ಸಂಜೆ ಒಂದು ಗಂಟೆ ಅವಳೇ ಹಾಕಿದ್ದಳು. ಅವಳಿಗೆ ಬ್ಯಾಟ್ ಕೊಟ್ಟವರಿಲ್ಲ. ಹನ್ನೊಂದನೇ ಗೆರೆಯಲ್ಲಿ ತನ್ನ ಹೆಸರು ಬರೆದು, ಪೆನ್ಸಿಲನ್ನು ಗಿರೀಶನ ತಮ್ಮ ಚಿಂಟುವಿನ ಕೈಗಿಟ್ಟಳು.*

ನಡುವಿನ ಭಾಗ ಬಿಡುತ್ತೇನೆ. ನಮ್ಮವರು 112ಕ್ಕೆ ಆಲ್ ಔಟ್. ಎದುರಿನವರು ಹದಿನೇಳು ಓವರ್ ಮುಗಿದಾಗ 97ಕ್ಕೆ 6. ಅಂದರೆ 18 ಎಸೆತಕ್ಕೆ 16 ರನ್ ಬೇಕು. ಗಿರೀಶ ಬಾಲನ್ನು ಭಾಗ್ಯಳಿಗೆ ಕೊಡುತ್ತಾನೆ. ಅವಳದು ಲೆಗ್ ಸ್ಪಿನ್.

*ಮೊದಲನೆಯದು ಮಿಡ್ ವಿಕೆಟ್ ಕಡೆ ನಾಲ್ಕು. ಎರಡನೆಯದು ಸುಮ್ಮನೆ ತಡೆದ. ಮೂರನೆಯದು ಲೆಗ್ ಸ್ಟಂಪಿನ ಹೊರಗೆ ಬಿದ್ದು ಸರ್ರನೆ ತಿರುಗಿತು. ಬ್ಯಾಟ್‌ಗೆ ಸಿಗಲಿಲ್ಲ, ಪ್ಯಾಡ್‌ಗೆ ಬಡಿಯಿತು. ಅಂಪೈರ್ ಬೆರಳೆತ್ತಿದರು. ಎಲ್‌ಬಿಡಬ್ಲ್ಯೂ! ನಾಲ್ಕನೆಯದಕ್ಕೆ ಹೊಸ ಹುಡುಗ ಒಂದು ರನ್ ಕದ್ದ. ಐದನೆಯದನ್ನು ಮೊದಲಿನಿಂದ ಆಡುತ್ತಿದ್ದ ಎತ್ತರದ ಓಪನರ್ ಎತ್ತಿ ಹೊಡೆದ, ಲಾಂಗ್ ಆನ್‌ನಲ್ಲಿ ಕ್ಯಾಚ್. ಅಷ್ಟರಲ್ಲಿ ಇಬ್ಬರೂ ದಾಟಿದ್ದರು. ಹಾಗಾಗಿ ಒಂದು ರನ್ ಕದ್ದ ಹುಡುಗನೇ ಮತ್ತೆ ಎದುರಿಗೆ. ಕೊನೆಯದು ವೈಡ್ ಆಯಿತು. ಓವರ್ ಮುಗಿಯಿತು. 103ಕ್ಕೆ 8.*

ಮಳೆಹನಿ:

"ಅವಳಿಗೆ ಬ್ಯಾಟ್ ಕೊಟ್ಟವರಿಲ್ಲ" ಅನ್ನುವ ಸಾಲು ಇಷ್ಟ ಆಯ್ತು. ಕ್ರಿಕೆಟ್ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು. ದಯವಿಟ್ಟು ಎಲ್ಲೂ ಅವಳ ಜಡೆ ಕತ್ತರಿಸಿ ಹುಡುಗನ ವೇಷ ಹಾಕಿಸಬೇಡಿ. ಶಫಾಲಿ ವರ್ಮಾ ರೋಹ್ಟಕ್‌ನಲ್ಲಿ ಹಾಗೆ ಕೂದಲು ಕತ್ತರಿಸಿಕೊಂಡು ಹುಡುಗರ ಜೊತೆ ಆಡಿದ್ದು ಎಲ್ಲರಿಗೂ ಗೊತ್ತಿದೆ. ಕಥೆಯಲ್ಲೂ ಅದೇ ಬಂದರೆ ಕದ್ದ ಹಾಗಿರುತ್ತದೆ.

ಅರಳೀಕಟ್ಟೆ:

ಇಲ್ಲ ಇಲ್ಲ, ಜಡೆ ಇರುತ್ತದೆ. ಸಣ್ಣ ಊರಲ್ಲಿ ವೇಷ ಹಾಕಿದರೂ ಯಾರು ನಂಬುತ್ತಾರೆ? ಎಲ್ಲರಿಗೂ ಅವಳು ಯಾರ ಮನೆ ಹುಡುಗಿ ಅಂತ ಗೊತ್ತು.

ಹಳೇ ಅಂಪೈರ್:

ಇಪ್ಪತ್ತಮೂರು ವರ್ಷ ತಾಲೂಕು ಮಟ್ಟದ ಮ್ಯಾಚ್‌ಗಳಲ್ಲಿ ನಿಂತಿದ್ದೇನೆ, ಅದರಲ್ಲಿ ಅರ್ಧ ಮ್ಯಾಟ್ ಮೇಲೆ. ಕಥೆ ಚೆನ್ನಾಗಿ ಶುರುವಾಗಿದೆ. ಆದರೆ ಆ ಮೂರನೇ ಎಸೆತಕ್ಕೆ ಬೆರಳೆತ್ತಿದ ಅಂಪೈರ್‌ನನ್ನು ಮನೆಗೆ ಕಳಿಸಬೇಕು. ಬಾಲ್ ಲೆಗ್ ಸ್ಟಂಪಿನ ಗೆರೆಯ ಹೊರಗೆ ನೆಲಕ್ಕೆ ಬಿದ್ದಿದ್ದರೆ ಎಲ್‌ಬಿಡಬ್ಲ್ಯೂ ಇಲ್ಲ. ಆಮೇಲೆ ಎಷ್ಟು ತಿರುಗಲಿ, ನಡು ಸ್ಟಂಪಿಗೇ ಹೋಗುತ್ತಿರಲಿ, ನಾಟ್ ಔಟ್. ನೀವು "ಹೊರಗೆ ಬಿದ್ದು" ಅಂತ ಬರೆದುಕೊಟ್ಟಿದ್ದೀರಿ. ಬ್ಯಾಟ್ಸ್‌ಮನ್ ಪರ ಸಾಕ್ಷಿ ಹೇಳಿದ ಹಾಗಾಯ್ತು.

ಕವರ್ ಡ್ರೈವ್:

ಸಾರ್, ಪೂರ್ತಿ ಹಾಗಲ್ಲ. ಬ್ಯಾಟ್ಸ್‌ಮನ್ ಬ್ಯಾಟ್ ಆಡಿಸದೆ ಸುಮ್ನೆ ಪ್ಯಾಡ್ ಒಡ್ಡಿದರೆ ಔಟ್ ಕೊಡಬಹುದು. ಹಾಗೆ ಬರೆದರೆ ಎಲ್‌ಬಿಡಬ್ಲ್ಯೂ ಉಳಿಯುತ್ತದೆ.

ಹಳೇ ಅಂಪೈರ್:

ನೀವು ಹೇಳುವ ನಿಯಮ ಇದೆ, ಆದರೆ ಅದು ಆ ಕಡೆಯದು. ಬಾಲ್ ಆಫ್ ಸ್ಟಂಪಿನ ಹೊರಗೆ ಪ್ಯಾಡ್‌ಗೆ ಬಡಿದರೆ, ಬ್ಯಾಟ್ಸ್‌ಮನ್ ಆಡಲು ಪ್ರಯತ್ನಿಸಿದ್ದನಾ ಇಲ್ಲವಾ ಅಂತ ನೋಡುತ್ತೇವೆ. ಆಡದೆ ಬಿಟ್ಟಿದ್ದರೆ, ಬಾಲ್ ಸ್ಟಂಪಿಗೆ ಹೋಗುತ್ತಿತ್ತು ಅನ್ನಿಸಿದರೆ, ಔಟ್ ಕೊಡಬಹುದು. ಲೆಗ್ ಹೊರಗೆ ಬಿದ್ದ ಬಾಲ್‌ಗೆ ಆ ಪ್ರಶ್ನೆಯೇ ಬರುವುದಿಲ್ಲ. ಆಡಲಿ ಬಿಡಲಿ ನಾಟ್ ಔಟ್. ಈ ಎರಡನ್ನೂ ಬೆರೆಸಿಕೊಂಡು ನನ್ನ ಜೊತೆ ಜಗಳ ಆಡಿದ ಕ್ಯಾಪ್ಟನ್‌ಗಳು ಬೇಕಾದಷ್ಟಿದ್ದಾರೆ.

ಕಥೆಗಾರರೇ, ನಿಮಗೊಂದು ದಾರಿ ಇದೆ. ಅದೇ ಬಾಲ್ ಇರಲಿ, ಎಲ್‌ಬಿಡಬ್ಲ್ಯೂ ಬದಲು ಬೌಲ್ಡ್ ಮಾಡಿ. ಬೌಲ್ಡ್‌ಗೆ ಬಾಲ್ ಎಲ್ಲಿ ಬಿದ್ದರೂ ನಡೆಯುತ್ತದೆ. ನಮ್ಮ ಕಡೆ ಹಾಸುವ ಮ್ಯಾಟ್ ಆರಡಿ ಅಗಲ. ಮೂರು ಸ್ಟಂಪ್ ಸೇರಿ ಒಂಬತ್ತು ಇಂಚು. ಅಂದರೆ ಲೆಗ್ ಕಡೆ ಇನ್ನೂ ಎರಡೂವರೆ ಅಡಿ ಮ್ಯಾಟ್ ಉಳಿದಿರುತ್ತದೆ. ಆ ಜಾಗದಲ್ಲಿ ಬೀಳುವ ಬಾಲ್ ಕಂಡರೆ ಹದಿನಾಲ್ಕು ವರ್ಷದ ಹುಡುಗ ಸುಮ್ಮನಿರುತ್ತಾನಾ? ಮಂಡಿ ಊರಿ ಸ್ವೀಪ್ ಮಾಡುತ್ತಾನೆ. ನಾರಿನ ಮ್ಯಾಟ್ ಬಾಲನ್ನು ಹಿಡಿದು ತಿರುಗಿಸುತ್ತದೆ, ಮಣ್ಣಿನ ಪಿಚ್‌ಗಿಂತ ಎತ್ತರಕ್ಕೂ ಎಬ್ಬಿಸುತ್ತದೆ. ಸ್ವೀಪ್ ತಪ್ಪಿದರೆ ಕಾಲಿನ ಹಿಂದಿನಿಂದ ಸುತ್ತಿಕೊಂಡು ಹೋಗಿ ಲೆಗ್ ಸ್ಟಂಪ್ ಬೇಲ್ಸ್ ಹಾರಿಸುತ್ತದೆ. ಆದರೆ ಮ್ಯಾಟನ್ನು ಚೆನ್ನಾಗಿ ಎಳೆದು ಮೊಳೆ ಹೊಡೆದಿರಬೇಕು. ಸಡಿಲ ಇದ್ದರೆ ಬಾಲ್ ಸತ್ತ ಹಾಗೆ ನಿಧಾನ ಬರುತ್ತದೆ. ಹುಡುಗನಿಗೆ ಕಾದು ಹೊಡೆಯಲು ಸಮಯ ಸಿಗುತ್ತದೆ.

ಹೊನ್ನಾಳಿ ಹುಡುಗ:

ತುಂಬಾ ಒಳ್ಳೆ ಕೆಲಸ ಸಾರ್. ನನ್ನ ಅಕ್ಕನ ಮಗಳಿಗೆ ಹನ್ನೊಂದು ವರ್ಷ, ಅವಳಿಗೂ ಬೌಲಿಂಗ್ ಅಂದರೆ ಹುಚ್ಚು. ಭಾಗ್ಯ ಆಡುವ ತಂಡದ ಕೋಚ್ ಯಾರು? ತರೀಕೆರೆಯಲ್ಲಿ ಎಲ್ಲಿ ಪ್ರಾಕ್ಟೀಸ್ ನಡೆಯುತ್ತದೆ, ಫೀಸ್ ಎಷ್ಟು?

ಅರಳೀಕಟ್ಟೆ:

ಅಯ್ಯೋ, ಇದು ಕಥೆ ಸಾರ್. ಭಾಗ್ಯ ಇಲ್ಲ, ಕೋಚೂ ಇಲ್ಲ. ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ಮಾತ್ರ ನಿಜ. ಅವರು ಇಂಡಿಯಾಕ್ಕೆ ಆಡಿದ್ದು ನೋಡಿಯೇ ನನಗೆ ಈ ಕಡೆಯ ಹುಡುಗಿಯ ಕಥೆ ಬರೆಯಬೇಕು ಅನ್ನಿಸಿದ್ದು.

ಹೊನ್ನಾಳಿ ಹುಡುಗ:

ಓ ಸರಿ. ಫೋಟೋ ಇದ್ದಿದ್ದರೆ ಚೆನ್ನಾಗಿತ್ತು ಅಂದುಕೊಂಡಿದ್ದೆ.

ಪುಟ್ಟಿಯ ಅಮ್ಮ:

ನನ್ನ ಮಗಳು ಎರಡು ಸೀಸನ್ ಹುಡುಗರ ತಂಡದಲ್ಲಿ ಆಡಿದ್ದಾಳೆ. ಊರು, ತಂಡ ಬೇಡ. ನಿಮ್ಮ ಕಥೆಯಲ್ಲಿ ನನಗೆ ಕಾಣದೆ ಇದ್ದದ್ದು ಒಂದೇ. ಎಲ್ಲರೂ ಹುಡುಗರು ರೇಗಿಸುತ್ತಾರೆ ಅಂದುಕೊಳ್ಳುತ್ತಾರೆ. ರೇಗಿಸಿದ್ದು ಒಂದು ದಿನ, ಅಷ್ಟೇ. ಆಮೇಲೆ ಮಾಡಿದ್ದು ಅದಕ್ಕಿಂತ ಕಷ್ಟ. ಬಾಲ್ ಕೀಪರ್ ಕೈಯಿಂದ ಬೌಲರ್‌ಗೆ ವಾಪಸ್ ಹೋಗುವಾಗ ಕವರ್, ಮಿಡ್ ಆಫ್ ಅಂತ ಕೈಯಿಂದ ಕೈಗೆ ಹೋಗುತ್ತದಲ್ವಾ? ಮಿಡ್ ಆಫ್‌ನಲ್ಲಿ ಇವಳು ನಿಂತಿದ್ದರೆ ಕವರ್‌ನವನು ನೇರ ಬೌಲರ್‌ಗೇ ಎಸೆಯುತ್ತಿದ್ದ. ಬೇಕಂತ ಅಲ್ಲ, ಹಿಡಿಯಲ್ಲ ಅನ್ನುವ ಭಯ. ಒಂದು ತಿಂಗಳು ಹಾಗೇ ನಡೆಯಿತು. ಅವಳು ಮನೆಗೆ ಬಂದು "ಅಮ್ಮಾ, ಇವತ್ತೂ ಬಾಲ್ ಬರ್ಲಿಲ್ಲ" ಅನ್ನುತ್ತಿದ್ದಳು.

ಇನ್ನೊಂದು, ಸಾಮಾನು. ತಂಡಕ್ಕೆ ಇರುವುದು ಒಂದೇ ಕಿಟ್ ಬ್ಯಾಗ್. ಪ್ಯಾಡ್ ಅವಳ ತೊಡೆಯವರೆಗೆ ಬರುತ್ತಿತ್ತು, ಓಡುವಾಗ ತೊಡರುತ್ತಿತ್ತು. ಆಮೇಲೆ ಅವಳು ಹುಡುಗಿಯರ ಮ್ಯಾಚ್‌ಗೆ ಹೋದಾಗ ಬಾಲ್ ಬೇರೆ. ಗಂಡಸರ ಬಾಲ್ 156 ಗ್ರಾಂನಿಂದ 163, ಹೆಂಗಸರದು 140ರಿಂದ 151. ಗಾತ್ರವೂ ಸ್ವಲ್ಪ ಚಿಕ್ಕದು. ಮೊದಲ ದಿನ ಎಲ್ಲ ಬಾಲೂ ಗುಡ್ ಲೆಂತ್ ದಾಟಿ ಫುಲ್ ಟಾಸ್ ಆದವು. ಭಾರದ ಬಾಲ್‌ಗೆ ಕೈ ಅಭ್ಯಾಸ ಆಗಿಬಿಟ್ಟಿತ್ತು.

ಕವರ್ ಡ್ರೈವ್:

ಅಂದರೆ ಭಾಗ್ಯಳ ಕೈಗೆ ಆ ದೊಡ್ಡ ಬಾಲ್‌ನಲ್ಲಿ ಲೆಗ್ ಸ್ಪಿನ್ ಆಗಲ್ಲ ಅಲ್ವಾ? ಬೆರಳು ಸಣ್ಣ.

ಪುಟ್ಟಿಯ ಅಮ್ಮ:

ಆಗುತ್ತದೆ, ಆದರೆ ಕಷ್ಟ. ನನ್ನ ಮಗಳದು ಆಫ್ ಸ್ಪಿನ್, ಲೆಗ್ ಸ್ಪಿನ್ ವಿಷಯ ಅಂಪೈರ್ ಅವರೇ ಹೇಳಲಿ.

ಹಳೇ ಅಂಪೈರ್:

ಲೆಗ್ ಸ್ಪಿನ್‌ನಲ್ಲಿ ಮಣಿಕಟ್ಟು ಮತ್ತು ಉಂಗುರದ ಬೆರಳು ಕೆಲಸ ಮಾಡುತ್ತವೆ. ಸಣ್ಣ ಕೈಯವರು ಬೆರಳುಗಳನ್ನು ಅಗಲಿಸಿ ಹಿಡಿಯಲು ಹೋಗುತ್ತಾರೆ. ಬಾಲ್ ಜಾರಿ ಕಾಲ ಬುಡಕ್ಕೆ ಬೀಳುತ್ತದೆ, ಇಲ್ಲವೇ ತಲೆ ಮೇಲೆ ಹೋಗುತ್ತದೆ. ಹಾಗಾಗಿ ಅವಳ ಓವರ್‌ನಲ್ಲಿ ಒಂದಾದರೂ ಕೆಟ್ಟ ಬಾಲ್ ಇರಲೇಬೇಕು. ನೀವು ಒಂದು ನಾಲ್ಕು, ಒಂದು ವೈಡ್ ಕೊಟ್ಟಿದ್ದೀರಿ. ಆ ಲೆಕ್ಕ ನಂಬುವ ಹಾಗಿದೆ.

ಲೆಕ್ಕದ ಮೇಷ್ಟ್ರು:

ಲೆಕ್ಕ ಅಂದಿರಲ್ಲ, ಅದಕ್ಕೇ ಬಂದೆ. 97ಕ್ಕೆ ನಾಲ್ಕು, ಒಂದು, ವೈಡ್‌ನ ಒಂದು. 103 ಸರಿ. ಎರಡು ವಿಕೆಟ್, 8 ಸರಿ. ಆದರೆ ಎಸೆತ ಎಣಿಸಿ. ನಾಲ್ಕು, ಖಾಲಿ, ವಿಕೆಟ್, ಒಂದು, ವಿಕೆಟ್, ವೈಡ್. ವೈಡ್ ಎಣಿಕೆಗೆ ಬರುವುದಿಲ್ಲ. ನಿಮ್ಮ ಹುಡುಗಿ ಐದೇ ಬಾಲ್ ಹಾಕಿ ಓವರ್ ಮುಗಿಸಿದ್ದಾಳೆ! ಸ್ಕೋರ್ ಬರೆಯುವವಳು ಹೀಗೆ ಮಾಡುತ್ತಾಳಾ?

ಅರಳೀಕಟ್ಟೆ:

ಅಯ್ಯೋ ಮಾನ ಹೋಯ್ತು. ನಾಲ್ಕು ಸಲ ಓದಿದ್ದೆ.

ಕವರ್ ಡ್ರೈವ್:

ನನ್ನದೂ ಒಂದು. ಕ್ಯಾಚ್ ಆದಾಗ ದಾಟಿದ್ದರು, ಅದಕ್ಕೆ ಹಳಬನೇ ಎದುರಿಗೆ ಅಂದಿದ್ದೀರಿ. ಈಗ ಹಾಗಿಲ್ಲ. ಹೊಸಬನೇ ಸ್ಟ್ರೈಕ್‌ಗೆ ಬರಬೇಕು. ಐಪಿಎಲ್‌ನಲ್ಲಿ ನೋಡಿಲ್ವಾ?

ಹಳೇ ಅಂಪೈರ್:

ಈ ಸಲ ಕವರ್ ಡ್ರೈವ್ ಸರಿ. 2022ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ. ಕ್ಯಾಚ್ ಔಟ್ ಆದರೆ, ದಾಟಿರಲಿ ಬಿಡಲಿ, ಹೊಸಬನೇ ಮುಂದಿನ ಬಾಲ್ ಆಡಬೇಕು. ಅದು ಓವರಿನ ಕೊನೆಯ ಬಾಲ್ ಆಗಿದ್ದರೆ ಮಾತ್ರ ಬೇರೆ. ಕಥೆ ಅದಕ್ಕಿಂತ ಹಿಂದೆ ನಡೆಯುತ್ತದೆ ಅಂದರೆ ನೀವು ಬರೆದದ್ದೇ ಸರಿ. ಯಾವ ವರ್ಷ?

ಅರಳೀಕಟ್ಟೆ:

ವರ್ಷ ಹಾಕಿಲ್ಲ. ಆದರೆ ಗಿರೀಶನ ಅಪ್ಪ ಮೊಬೈಲ್‌ನಲ್ಲಿ ಕಾಸು ಕಳಿಸುವ ಸಾಲು ಇದೆ. ಹಾಗಾದರೆ ಈಗಿನ ಕಾಲವೇ.

ಲೆಕ್ಕದ ಮೇಷ್ಟ್ರು:

ಹಾಗಾದರೆ ನಿಮ್ಮ ಅದೃಷ್ಟ ನೋಡಿ. 97ಕ್ಕೆ 6 ಅಂದರೆ ಕ್ರೀಸ್‌ನಲ್ಲಿ ಓಪನರ್ ಮತ್ತು ಎಂಟನೆಯವನು. ಎಂಟನೆಯವನು ಬೌಲ್ಡ್, ಒಂಬತ್ತನೆಯವನು ಬಂದು ಒಂದು ರನ್. ಓಪನರ್ ಕ್ಯಾಚ್. ಈಗ ಹತ್ತನೆಯವನು ನೇರ ಸ್ಟ್ರೈಕ್‌ಗೆ. ಅವನು ಭಾಗ್ಯಳ ಒಂದು ಬಾಲನ್ನೂ ನೋಡಿಲ್ಲ.

ಹಳೇ ಅಂಪೈರ್:

ಅದೇ ನಾನು ಹೇಳಲಿದ್ದೆ. ಆ ವೈಡನ್ನು ಹಾಳು ಮಾಡಬೇಡಿ. ವೈಡ್‌ಗೂ ಸ್ಟಂಪಿಂಗ್ ಇದೆ, ನೋಬಾಲ್‌ಗೆ ಮಾತ್ರ ಇಲ್ಲ. ಹತ್ತನೆಯವನು ಬಂದವನೇ ಮುಂದೆ ನುಗ್ಗಲಿ. ಬಾಲ್ ಆಫ್ ಸ್ಟಂಪಿನಿಂದ ಹೊರಗೆ ಬಿದ್ದು ಇನ್ನೂ ಹೊರಗೆ ತಿರುಗಲಿ. ಕೀಪರ್ ಹಿಡಿದು ಬೇಲ್ಸ್ ತೆಗೆಯಲಿ. ಸ್ಕ್ವೇರ್ ಲೆಗ್ ಅಂಪೈರ್ ಬೆರಳೆತ್ತುತ್ತಾನೆ, ಬೌಲರ್ ಕಡೆಯ ಅಂಪೈರ್ ಎರಡೂ ಕೈ ಚಾಚುತ್ತಾನೆ. ನಾನು ಹೀಗೆ ಒಮ್ಮೆ ಕೊಟ್ಟಾಗ ಎರಡೂ ತಂಡ ನನ್ನ ಮೇಲೆ ಬಂದಿತ್ತು. ಎದುರಿನವರಿಗೆ ವಿಕೆಟ್ ಬೇಡ, ಇವರಿಗೆ ರನ್ ಬೇಡ.

ಕೀಪರ್ ಬಗ್ಗೆ ಮಾತ್ರ ಜಾಗ್ರತೆ. ಮ್ಯಾಟ್ ಮೇಲೆ ಸ್ಟಂಪಿಗೆ ಹತ್ತಿರ ನಿಂತು ಸ್ಪಿನ್ ಹಿಡಿಯುವುದು ಆ ವಯಸ್ಸಿನಲ್ಲಿ ಸುಲಭ ಅಲ್ಲ. ಬಾಲ್ ಎದೆ ಮಟ್ಟಕ್ಕೆ ಏಳುತ್ತದೆ. ಅವನು ಅಂಗೈಯಲ್ಲಿ ಹಿಡಿಯಲಿಲ್ಲ, ಎದೆಗೆ ಬಡಿಸಿಕೊಂಡು ತಬ್ಬಿ ಹಿಡಿದ ಅಂತ ಬರೆಯಿರಿ. ನಂಬಬಹುದು.

ಮಳೆಹನಿ:

ಆದರೆ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ಆಗಿಬಿಡುತ್ತದಲ್ಲ? ಇದು ಸಿನಿಮಾ ಆಯ್ತು. ನನಗೆ ಒಂದೇ ಸಾಕು ಅನ್ನಿಸುತ್ತದೆ.

ಹಳೇ ಅಂಪೈರ್:

ಬಾಲಂಗೋಚಿ ಬ್ಯಾಟಿಂಗ್‌ಗೆ ಹದಿನಾಲ್ಕರ ಒಳಗೆ ಇದು ಹೊಸದಲ್ಲ. 90ಕ್ಕೆ 5 ಇದ್ದ ತಂಡ 94ಕ್ಕೆ ಮುಗಿದದ್ದನ್ನು ನೋಡಿದ್ದೇನೆ.

ಮಳೆಹನಿ:

ನಿಜದಲ್ಲಿ ಆಗುತ್ತೆ ಸಾರ್, ಕಥೆಯಲ್ಲಿ ಆಗಬಾರದು.

ಪುಟ್ಟಿಯ ಅಮ್ಮ:

ಎದುರಿನ ತಂಡ ತಕರಾರು ತೆಗೆಯಲ್ವಾ? ನಮಗೆ ಒಮ್ಮೆ ಟೂರ್ನಮೆಂಟ್ ಫಾರಂನಲ್ಲಿ "ಬಾಲಕರು" ಅಂತ ಇದೆ ಎಂದು ಅರ್ಧ ಗಂಟೆ ಆಟ ನಿಲ್ಲಿಸಿದ್ದರು. ನಾನು ಹೊರಗೆ ಬಿಸಿಲಲ್ಲಿ ನಿಂತಿದ್ದೆ.

ಕವರ್ ಡ್ರೈವ್:

ಅದು ಆ ಟೂರ್ನಮೆಂಟ್ ನಡೆಸುವವರಿಗೆ ಬಿಟ್ಟದ್ದು. ಆಟದ ನಿಯಮದಲ್ಲೇನೂ ತಡೆ ಇಲ್ಲ. ಇದು ಫ್ರೆಂಡ್ಲಿ ಮ್ಯಾಚ್ ಅಂತ ಹಾಕಿದರೆ ಮುಗೀತು.

ಪುಟ್ಟಿಯ ಅಮ್ಮ:

ಮುಗಿಯಲ್ಲ. ಆ ಅರ್ಧ ಗಂಟೆ ಬಿಟ್ಟರೆ ಕಥೆಗೆ ಏನೋ ಕಮ್ಮಿ ಆಗುತ್ತದೆ.

ಅರಳೀಕಟ್ಟೆ:

ಅದನ್ನು ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಓವರ್ ಮಾತ್ರ ತಿದ್ದಿದ್ದೇನೆ. ಮೂರು ವಿಕೆಟ್ ಇಟ್ಟುಕೊಂಡಿದ್ದೇನೆ, ಮಳೆಹನಿ ಕ್ಷಮಿಸಬೇಕು.

*ಬೆಳಗಿನಿಂದ ಅವಳ ಕೈಗೆ ಬಾಲ್ ಬಂದದ್ದು ಎರಡೇ ಸಲ. ಎರಡು ಸಲವೂ ಬೌಂಡರಿಗೆ ಹೋದದ್ದನ್ನು ಹೆಕ್ಕಿ ತಂದಿದ್ದಳು. ಈಗ ಗಿರೀಶ ಅದನ್ನು ಅಂಗಿಗೆ ಒರೆಸಿ ಕೊಟ್ಟ. "ಸಂಜೆ ಹಾಕ್ತೀಯಲ್ಲ, ಹಾಗೇ."*

*ಮೊದಲ ಬಾಲ್ ಬೆರಳಿನಿಂದ ಜಾರಿತು. ಗಿಡ್ಡ ಬಿತ್ತು, ಎದೆ ಮಟ್ಟಕ್ಕೆ ಎದ್ದಿತು. ಎಂಟನೇ ಹುಡುಗ ಕಾದು ನಿಂತು ಮಿಡ್ ವಿಕೆಟ್‌ಗೆ ಬಾರಿಸಿದ. ನಾಲ್ಕು. ಎರಡನೆಯದನ್ನು ಅವನು ಕಾಲು ಮುಂದಿಟ್ಟು ತಡೆದ.*

*ಮೂರನೆಯದನ್ನು ಎತ್ತರಕ್ಕೆ ಬಿಟ್ಟಳು. ಲೆಗ್ ಸ್ಟಂಪಿನಿಂದ ಒಂದು ಗೇಣು ಹೊರಗೆ. ಹುಡುಗ ಮಂಡಿ ಊರಿ ಬ್ಯಾಟ್ ಬೀಸಿದ. ಮ್ಯಾಟ್ ಬಾಲನ್ನು ಹಿಡಿದುಕೊಂಡಿತು. ಹಿಂದೆ ಟಕ್ ಅಂದಿತು. ಅವನು ತಿರುಗಿ ನೋಡುವ ಮೊದಲೇ ಕೀಪರ್ ಕುಣಿಯುತ್ತಿದ್ದ.*

*ಒಂಬತ್ತನೆಯವನು ಬಂದು ಕವರ್ ಕಡೆ ತಳ್ಳಿ ಓಡಿದ. ಈಗ ಎದುರಿಗೆ ಓಪನರ್. ಭಾಗ್ಯ ಅವನ ಹೆಸರಿನ ಮುಂದೆ ಇದಕ್ಕೂ ಮೊದಲು ಎರಡು ಮ್ಯಾಚ್‌ನಲ್ಲಿ ಸ್ಕೋರ್ ಬರೆದಿದ್ದಳು. ಎರಡರಲ್ಲೂ ಲಾಂಗ್ ಆನ್‌ನಲ್ಲಿ ಕ್ಯಾಚ್. ಗಿರೀಶನಿಗೆ ಕೈ ತೋರಿಸಿದಳು, ಇನ್ನೂ ಹಿಂದೆ, ಇನ್ನೂ ಹಿಂದೆ. ಅವನು ಬೇಲಿಗೆ ಬೆನ್ನು ತಾಗುವವರೆಗೆ ಹೋದ. ಬಾಲ್ ಅಲ್ಲಿಗೇ ಬಂತು.*

*ಹತ್ತನೆಯವನು ಗಾರ್ಡ್ ಕೂಡ ಕೇಳಲಿಲ್ಲ. ಅವಳ ಕೈಯಿಂದ ಬಾಲ್ ಬಿಡುವ ಮೊದಲೇ ಹೊರಟಿದ್ದ. ಬಾಲ್ ಆಫ್ ಸ್ಟಂಪಿನಿಂದ ದೂರ ಬಿದ್ದು ಇನ್ನೂ ದೂರ ಹೋಯಿತು. ಕೀಪರ್ ಅದನ್ನು ಎದೆಗೆ ತಬ್ಬಿಕೊಂಡು, ಬಿದ್ದು, ಬಿದ್ದಲ್ಲಿಂದಲೇ ಬೇಲ್ಸ್ ಕಿತ್ತ. ಒಬ್ಬ ಅಂಪೈರ್ ಬೆರಳೆತ್ತಿದರು. ಇನ್ನೊಬ್ಬರು ಎರಡೂ ಕೈ ಚಾಚಿದರು.*

*ಬೌಂಡರಿ ಆಚೆ ಚಿಂಟು ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಕೂತಿದ್ದ. ಭಾಗ್ಯ ಕೂಗಿದಳು. "ಎರಡೂ ಬರಿ! ವೈಡೂ ಬರಿ, ವಿಕೆಟ್ಟೂ ಬರಿ! ಇನ್ನೊಂದು ಬಾಲ್ ಇದೆ!"*

*103ಕ್ಕೆ 9. ಬಾಲ್ ಕೀಪರ್‌ನಿಂದ ಕವರ್‌ಗೆ, ಕವರ್‌ನಿಂದ ಅವಳ ಕೈಗೆ ಬಂತು.*

ಪುಟ್ಟಿಯ ಅಮ್ಮ:

ಕೊನೆಯ ಸಾಲನ್ನು ಮಗಳಿಗೆ ಓದಿ ಹೇಳಿದೆ. "ಬೌಲರ್‌ಗೆ ಯಾರಾದ್ರೂ ಕೊಡ್ಲೇಬೇಕಲ್ಲಮ್ಮಾ, ಅದೇನು ದೊಡ್ಡದು? ಅವಳು ಮಿಡ್ ಆಫ್‌ನಲ್ಲಿದ್ದಾಗ ಕೊಡ್ಲಿ," ಅಂದಳು.

ಅರಳೀಕಟ್ಟೆ:

ಹೌದಲ್ವಾ! ಹಾಗಾದರೆ ಅದು ಹತ್ತೊಂಬತ್ತನೇ ಓವರ್‌ಗೆ ಹೋಗಬೇಕು.

ಲೆಕ್ಕದ ಮೇಷ್ಟ್ರು:

12 ಎಸೆತಕ್ಕೆ 10, ಒಂದೇ ವಿಕೆಟ್. ಆದರೆ ಅವಳ ಆರನೇ ಬಾಲ್ ಇನ್ನೂ ಬಾಕಿ ಇದೆ, ಅದನ್ನು ಖಾಲಿ ಹಾಕಿಸಿದರೆ ಮಾತ್ರ ಈ ಲೆಕ್ಕ. ಆಗ ಮುಂದಿನ ಓವರ್‌ಗೆ ಒಂಬತ್ತನೆಯವನು ಎದುರಿಗೆ ಬರುತ್ತಾನೆ, ಹನ್ನೊಂದನೆಯವನಲ್ಲ. ಬರೆಯುವಾಗ ನೆನಪಿರಲಿ.

ಹೊನ್ನಾಳಿ ಹುಡುಗ:

ಯಾರು ಗೆದ್ದರು ಅಂತ ಹೇಳಿಬಿಡಿ ಸಾರ್, ನಿದ್ದೆ ಬರಲ್ಲ.